ಎರಡು ವಾರದ ರಜೆ ಮುಗಿದ ಮೇಲೆ ಇನ್‌ಬಾಕ್ಸ್: ನೀವು ಹೇಗೆ ನಿಭಾಯಿಸಿದಿರಿ?

ಕೇಳಿದವರು: ಸೋಮವಾರದವಳು
ಎರಡು ವಾರ ರಜೆಯಲ್ಲಿದ್ದೆ, ಮೇಲ್ ತೆರೆದೇ ಇಲ್ಲ. 16ಕ್ಕೆ ವಾಪಸ್ ಕೆಲಸ. ಆಫೀಸ್ ಮೇಲ್ ಜಿಮೇಲ್‌ನಲ್ಲಿದೆ, ಓದದ್ದು ಸಾವಿರ ದಾಟಿದೆ. ಯಾವ ಗಡುವೂ ತಪ್ಪಬಾರದು, ಮುಖ್ಯವಾದದ್ದು ಕಣ್ತಪ್ಪಬಾರದು. ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ.

ಟೆಂಡರ್_ಮೇಜು
ನಾನು ಟೆಂಡರ್ ವಿಭಾಗದಲ್ಲಿರುವವನು. ನಮ್ಮಲ್ಲಿ ಗಡುವು ಒಂದು ಗಂಟೆ ದಾಟಿದರೂ ಆರು ತಿಂಗಳ ಕೆಲಸ ನೀರಿಗೆ ಬಿದ್ದಂತೆ. ರಜೆಯಿಂದ ಬಂದಾಗ ಮೊದಲು ತೆರೆಯುವುದು ಇನ್‌ಬಾಕ್ಸ್ ಅಲ್ಲ, ಸ್ಪ್ಯಾಮ್. ಜಿಮೇಲ್ ಅಲ್ಲಿರುವುದನ್ನು 30 ದಿನಕ್ಕೆ ತಾನೇ ಅಳಿಸುತ್ತದೆ. ಹೊರಡುವ ಮುಂಚಿನ ವಾರ ಅಲ್ಲಿ ಬಿದ್ದದ್ದಕ್ಕೆ ಈಗಾಗಲೇ ಮುಕ್ಕಾಲು ಆಯುಷ್ಯ ಮುಗಿದಿರುತ್ತದೆ.

ಆಮೇಲೆ ರಜೆಯ ಮೇಲ್‌ಗಳನ್ನು ಇಂದಿನವುಗಳಿಂದ ಬೇರ್ಪಡಿಸಬೇಕು. ಹೀಗೆ ಹುಡುಕುತ್ತೇನೆ:

```
in:inbox after:2025/05/31 before:2025/06/16
```

ಸಿಕ್ಕಿದ್ದಕ್ಕೆಲ್ಲ ‘ರಜೆ’ ಎಂಬ ಲೇಬಲ್ ಹಾಕಿ ಆರ್ಕೈವ್ ಮಾಡುತ್ತೇನೆ. ಮೇಲಿನ ಚೌಕಕ್ಕೆ ಟಿಕ್ ಹಾಕಿದರೆ ಆ ಪುಟದಲ್ಲಿ ಕಾಣುವಷ್ಟೇ ಆಯ್ಕೆಯಾಗುತ್ತದೆ. ಪಟ್ಟಿಯ ಮೇಲೆ ಬರುವ Select all conversations that match this search ಎಂಬ ಸಾಲನ್ನೂ ಒತ್ತಬೇಕು. ಹೊಸ ಮೇಲ್ ಹಳೆಯದರ ಮೇಲೆ ಸುರಿಯುತ್ತಿರುವಾಗ ಯಾರಿಗೂ ಹಿಡಿತ ಸಿಗುವುದಿಲ್ಲ, ಇಷ್ಟಾದರೆ ಉಸಿರಾಡಬಹುದು.

ಓದುವುದು ಇದಾದ ಮೇಲೆ. ಲೇಬಲ್ ಒಳಗೆ `to:me -cc:me` ಹಾಕಿ ನನ್ನ ಹೆಸರಿಗೇ ಬಂದವು ಮೊದಲು, `cc:me` ಆಮೇಲೆ.

ಲೆಕ್ಕಪತ್ರ
ಸ್ಪ್ಯಾಮ್, ಲೇಬಲ್ ಎಲ್ಲ ಬಿಡಿ. ಕಳಿಸಿದವರ ಹೆಸರಿನ ಪ್ರಕಾರ ವಿಂಗಡಿಸಿ, ಮುಗಿಯಿತು. ನಾನು ಅಕೌಂಟ್ಸ್‌ನಲ್ಲಿದ್ದೇನೆ. ನನ್ನ ರಜೆಯಲ್ಲಿ ಒಬ್ಬ ಸರಬರಾಜುದಾರ ಒಂದೇ ಬಿಲ್ ಮೂರು ಸಲ ಕಳಿಸಿದ್ದ: ಮೊದಲು ತಪ್ಪು ಮೊತ್ತದ್ದು, ಆಮೇಲೆ ತಿದ್ದಿದ್ದು, ಕೊನೆಗೆ ತಿದ್ದಿದ್ದನ್ನೂ ರದ್ದು ಮಾಡಿ ಹೊಸದು. ಮೂರಕ್ಕೂ ವಿಷಯದ ಸಾಲು ಬೇರೆ. ನನ್ನ ಜಾಗದಲ್ಲಿ ಕೂತವರು ಎರಡನೆಯದಕ್ಕೆ ಹಣ ಪಾವತಿಸಿಬಿಟ್ಟರು. ವ್ಯತ್ಯಾಸ ವಾಪಸ್ ಪಡೆಯಲು ಕ್ರೆಡಿಟ್ ನೋಟ್, ಅದಕ್ಕೆ ಮೇಲಿನವರ ಸಹಿ, ಸಹಿಗೆ ಮುಂಚೆ ವಿವರಣೆ ಪತ್ರ. ವರ್ಷದ ಲೆಕ್ಕ ಮುಚ್ಚುವವರೆಗೂ ಆ ಒಂದು ಸಾಲು ನನ್ನ ಪುಸ್ತಕದಲ್ಲಿ ತೆರೆದೇ ಇತ್ತು. ಒಬ್ಬ ಕಳಿಸಿದ್ದೆಲ್ಲ ಒಂದೇ ಕಡೆ ಕಂಡಿದ್ದರೆ ಮೂರನೆಯದು ಕಣ್ಣಿಗೆ ಬೀಳುತ್ತಿತ್ತು. ಔಟ್‌ಲುಕ್‌ನಲ್ಲಿ ಇದು ಒಂದು ಕ್ಲಿಕ್.

ಟೆಂಡರ್_ಮೇಜು
ಮೇಡಂ, ಅವರು ಕೇಳಿರುವುದು ಜಿಮೇಲ್ ಬಗ್ಗೆ. ಅದರಲ್ಲಿ ಹೆಸರಿನ ಪ್ರಕಾರ ವಿಂಗಡಿಸುವ ಸೌಲಭ್ಯವೇ ಇಲ್ಲ. ಒಬ್ಬೊಬ್ಬರಿಗೂ `from:` ಹಾಕಿ ಹುಡುಕಬೇಕು.

ಲೆಕ್ಕಪತ್ರ
ಹಾಗಾದರೆ ಹುಡುಕಲಿ. ಹಣದ ವ್ಯವಹಾರ ಇರುವವರು ಹತ್ತು ಹನ್ನೆರಡು ಜನ ಇರಬಹುದು. ಅಷ್ಟು ಮಾಡಲಾಗದೇ?

ಖಾಲಿಪುಟ
ನಾನು ಯಾವುದನ್ನೂ ಓದುವುದಿಲ್ಲ. ರಜೆಗೆ ಹೋಗುವ ಮುಂಚೆ ಸ್ವಯಂ ಉತ್ತರದಲ್ಲಿ ಬರೆಯುತ್ತೇನೆ: ‘ಈ ಅವಧಿಯ ಮೇಲ್‌ಗಳನ್ನು ನಾನು ನೋಡುವುದಿಲ್ಲ, ಮುಖ್ಯವಾಗಿದ್ದರೆ 16ರ ನಂತರ ಮತ್ತೆ ಕಳಿಸಿ.’ ವಾಪಸ್ ಬಂದು ಎಲ್ಲ ಅಳಿಸುತ್ತೇನೆ. ಜರ್ಮನಿಯ ಡೈಮ್ಲರ್ ಕಂಪನಿ ರಜೆಯಲ್ಲಿರುವವರ ಮೇಲ್ ತಾನಾಗಿ ಅಳಿಸಿಹೋಗುವ ವ್ಯವಸ್ಥೆ ತಂದದ್ದು 2014ರಲ್ಲೇ ಸುದ್ದಿಯಾಗಿತ್ತು. ಬೇಕಾದವರು ಮತ್ತೆ ಬರೆದೇ ಬರೆಯುತ್ತಾರೆ. ಇದರಿಂದ ನನಗೆ ಇವತ್ತಿನವರೆಗೆ ಏನೂ ನಷ್ಟವಾಗಿಲ್ಲ.

ಟೆಂಡರ್_ಮೇಜು
ನಷ್ಟವಾಗಿಲ್ಲ ಎಂದು ನಿಮಗೆ ಗೊತ್ತಾಗುವುದಾದರೂ ಹೇಗೆ? ಅಳಿಸಿದ್ದೀರಲ್ಲ! ಡೈಮ್ಲರ್‌ನಲ್ಲಿ ಕಳಿಸಿದವರಿಗೆ ಬದಲಿ ವ್ಯಕ್ತಿಯ ವಿಳಾಸವೂ ಹೋಗುತ್ತಿತ್ತು. ಅದೂ ಅಲ್ಲದೆ ಯಂತ್ರ ಕಳಿಸುವ ಮೇಲ್ ನಿಮ್ಮ ಉತ್ತರ ಓದುತ್ತದೆಯೇ? ಡೊಮೈನ್ ನವೀಕರಣ, ಲೈಸೆನ್ಸ್ ಮುಗಿಯುವ ಎಚ್ಚರಿಕೆ, ಸಹಿಗಾಗಿ ಬಂದ ದಾಖಲೆ ಎಲ್ಲ ಯಂತ್ರದ್ದೇ. ಜಿಮೇಲ್‌ನ ಸ್ವಯಂ ಉತ್ತರ ಮೇಲಿಂಗ್ ಲಿಸ್ಟಿನ ಮೇಲ್‌ಗೆ ಹೋಗುವುದಿಲ್ಲ, ಸ್ಪ್ಯಾಮ್ ಎನಿಸಿದ್ದಕ್ಕೂ ಹೋಗುವುದಿಲ್ಲ. ಸ್ಪ್ಯಾಮ್‌ಗೆ ಬಿದ್ದ ನಿಜವಾದ ಗ್ರಾಹಕನಿಗೆ ನೀವು ರಜೆಯಲ್ಲಿದ್ದೀರಿ ಎಂಬುದೂ ತಿಳಿದಿರುವುದಿಲ್ಲ.

ಇನ್ನೂ ಕೆಟ್ಟದ್ದು ಮೌನವನ್ನೇ ಒಪ್ಪಿಗೆ ಎಂದು ಹಿಡಿಯುವ ಮೇಲ್. ‘ಹತ್ತು ದಿನದೊಳಗೆ ಆಕ್ಷೇಪ ಬರದಿದ್ದರೆ ಈ ಕರಡಿಗೆ ನಿಮ್ಮ ಒಪ್ಪಿಗೆ ಇದೆಯೆಂದು ಭಾವಿಸುತ್ತೇವೆ.’ ಅದನ್ನು ಕಳಿಸಿದವರು ಮತ್ತೆ ಬರೆಯುವುದೇ ಇಲ್ಲ. ನಿಮ್ಮ ಮೌನವೇ ಅವರಿಗೆ ಬೇಕಾಗಿರುವುದು.

ಖಾಲಿಪುಟ
ಎಲ್ಲರೂ ಟೆಂಡರ್ ಬರೆಯುವವರಲ್ಲ ಸ್ವಾಮಿ. ನಿಮ್ಮ ಭಯವನ್ನು ಎಲ್ಲರ ತಲೆಗೂ ಕಟ್ಟಬೇಡಿ.

ಮಧ್ಯಾಹ್ನದ_ಪಾಳಿ
ಟೆಂಡರ್ ಅಣ್ಣ, ನಿಮ್ಮ ಆರ್ಕೈವ್ ಉಪಾಯದಲ್ಲಿ ಒಂದು ತೂತಿದೆ. ಅದರಿಂದ ನಾನು ಪೆಟ್ಟು ತಿಂದಿದ್ದೇನೆ. ಜಿಮೇಲ್ ಹುಡುಕುವುದು ಒಂದೊಂದು ಮೇಲ್ ಅನ್ನಾದರೂ, ಆರ್ಕೈವ್ ಆಗುವುದು ಇಡೀ ಸಂಭಾಷಣೆ. ರಜೆಯಲ್ಲಿ ಶುರುವಾದ ಎಳೆಗೆ ಇವತ್ತು ಬೆಳಿಗ್ಗೆ ಉತ್ತರ ಬಂದಿದ್ದರೆ ಅದೂ ಒಳಗೆ ಹೋಗುತ್ತದೆ. ಇನ್‌ಬಾಕ್ಸ್ ಖಾಲಿಯಾಗಿ ಕಂಡು ನಾನು ನಿಶ್ಚಿಂತೆಯಿಂದ ಇದ್ದರೆ, ಆ ದಿನದ ತುರ್ತು ಉತ್ತರ ಲೇಬಲ್ ಒಳಗೆ ಕೂತಿತ್ತು. ಆದ್ದರಿಂದ ಆರ್ಕೈವ್ ಬೇಡವೇ ಬೇಡ.

ಟೆಂಡರ್_ಮೇಜು
ನೀವು ಹೇಳಿದ ತೊಂದರೆ ನಿಜ, ತೀರ್ಮಾನ ಒಪ್ಪಲಾರೆ. ಆರ್ಕೈವ್ ಮಾಡಿದ ಕೂಡಲೇ `label:ರಜೆ after:2025/06/16` ಎಂದು ಹುಡುಕಿ. ಇವತ್ತಿನ ಉತ್ತರ ಇರುವ ಎಳೆಗಳಷ್ಟೇ ಬರುತ್ತವೆ, ಅವನ್ನು ಇನ್‌ಬಾಕ್ಸ್‌ಗೆ ವಾಪಸ್ ತಳ್ಳಿ. ಮುಂದೆ ಉತ್ತರ ಬಂದರೆ ಎಳೆ ತಾನಾಗಿಯೇ ಮೇಲೆ ಬರುತ್ತದೆ.

ಸೋಮವಾರದವಳು
ಗಡುವು ಹುಡುಕುವುದು ಹೇಗೆ ಎಂದು ಯಾರೂ ಹೇಳಲಿಲ್ಲ.

ಟೆಂಡರ್_ಮೇಜು
ಇದು ನನ್ನ ಸಾಲು:

```
label:ರಜೆ {deadline due overdue reminder expires ಗಡುವು ಗಡುವಿನ ಗಡುವಿಗೆ}
```

ಪುಷ್ಪಾವರಣದೊಳಗೆ ಇರುವುದರಲ್ಲಿ ಯಾವುದು ಸಿಕ್ಕರೂ ಬರುತ್ತದೆ. ಜಿಮೇಲ್ ಪದದ ತುಂಡನ್ನು ಹಿಡಿಯುವುದಿಲ್ಲ, ಹಾಗಾಗಿ ಕನ್ನಡ ಮೇಲ್‌ಗಳಿಗೆ ವಿಭಕ್ತಿ ಸೇರಿದ ರೂಪಗಳನ್ನೂ ಬರೆಯುತ್ತೇನೆ. ‘ಕೊನೆಯ ದಿನ’ದಂಥದ್ದನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಸ್ಕ್ಯಾನ್ ಮಾಡಿದ ಪತ್ರದೊಳಗಿನ ದಿನಾಂಕದ ಬಗ್ಗೆ ಮಾತ್ರ ಈ ಹುಡುಕಾಟವನ್ನು ನಂಬಬೇಡಿ. `has:attachment` ಹಾಕಿ ಲಗತ್ತುಗಳನ್ನು ಕಣ್ಣಾರೆ ನೋಡಿ.

ಸಿಕ್ಕ ದಿನಾಂಕವನ್ನೂ ಲೆಕ್ಕ ಹಾಕಬೇಕು. ಮಂಗಳವಾರ 3ನೇ ತಾರೀಖು ಕಳಿಸಿದ ಮೇಲ್‌ನಲ್ಲಿ ‘ಈ ಶುಕ್ರವಾರದೊಳಗೆ’ ಎಂದಿದ್ದರೆ ಅದು 6, ಮುಗಿದುಹೋಗಿದೆ. 10ರಂದು ಕಳಿಸಿದ್ದರಲ್ಲಿ ‘ಏಳು ದಿನದಲ್ಲಿ’ ಎಂದಿದ್ದರೆ ಅದು 17, ಅಂದರೆ ನೀವು ಬಂದ ಮರುದಿನ. ಓದುತ್ತಾ ಹೋಗುವಾಗ ಎರಡೂ ಒಂದೇ ಥರ ಕಾಣುತ್ತವೆ. ಒಂದು ಹಾಳೆಯಲ್ಲಿ ನಿಜವಾದ ತಾರೀಖು ಬರೆದು ಹತ್ತಿರದ್ದರಿಂದ ದೂರಕ್ಕೆ ಜೋಡಿಸಿ, ಉತ್ತರ ಕೊಡುವುದು ಆಮೇಲೆ.

ಮಧ್ಯಾಹ್ನದ_ಪಾಳಿ
ಎಳೆಯಲ್ಲಿ ಕೊನೆಯ ಮೇಲ್ ಓದಿದರೆ ಸಾಕು, ಹಿಂದಿನದೆಲ್ಲ ಅದರಲ್ಲೇ ಇರುತ್ತದೆ. ಅರ್ಧ ಸಮಯ ಉಳಿಯುತ್ತದೆ.

ಲೆಕ್ಕಪತ್ರ
ಸಾಕಾಗುವುದಿಲ್ಲ! ನಮ್ಮ ಆಡಿಟ್ ಎಳೆಯಲ್ಲಿ ಮೊದಲ ಮೇಲ್ 18 ಎಂದಿತ್ತು, ನಾಲ್ಕನೆಯದು 25ಕ್ಕೆ ಮುಂದೂಡಿತು, ಏಳನೆಯದು 20ಕ್ಕೆ ಹಿಂದೆ ಎಳೆಯಿತು. ಕೊನೆಯದರಲ್ಲಿ ಇದ್ದದ್ದು ‘ಸರಿ, ಹಾಗೇ ಆಗಲಿ’ ಎಂಬ ಎರಡು ಮಾತು. ಯಾವ ‘ಹಾಗೇ’? ಏಳನೆಯದಕ್ಕೆ ಉತ್ತರಿಸಿದವರು ಹಳೆಯ ಮೇಲ್‌ನಿಂದ ರಿಪ್ಲೈ ಒತ್ತಿದ್ದರು, ಆದ್ದರಿಂದ ಕೆಳಗೆ ಕಾಣುತ್ತಿದ್ದದ್ದು 25. ಕೊನೆಯಿಂದ ಮೇಲಕ್ಕೆ, ತಾರೀಖು ಸಿಗುವವರೆಗೆ ಓದಲೇಬೇಕು. ಸಿಕ್ಕ ಮೇಲೂ ಅದು ಕೊನೆಯ ಬದಲಾವಣೆಯೇ ಎಂದು ಒಂದು ಹೆಜ್ಜೆ ಮೇಲೆ ನೋಡಬೇಕು.

ಖಾಲಿಪುಟ
ಇಷ್ಟೆಲ್ಲ ಮಾಡುವ ಬದಲು ಆ ಆಡಿಟರ್‌ಗೆ ಒಂದು ಫೋನ್ ಮಾಡಿ ‘ತಾರೀಖು ಯಾವುದು’ ಎಂದು ಕೇಳಿದ್ದರೆ ಎರಡು ನಿಮಿಷ.

ಲೆಕ್ಕಪತ್ರ
ಫೋನಿನಲ್ಲಿ 25 ಎಂದರು. ಆಮೇಲೆ ಬರಹದಲ್ಲಿ ಇರುವುದು 20 ಎಂದು ತೋರಿಸಿದವರೂ ಅವರೇ. ಈಗ ಹೇಳಿ.

ಖಾಲಿಪುಟ
ಅದು ಆಡಿಟರ್ ತಪ್ಪು, ಇನ್‌ಬಾಕ್ಸ್ ತಪ್ಪಲ್ಲ.

ಟೆಂಡರ್_ಮೇಜು
ತಪ್ಪು ಯಾರದ್ದಾದರೂ ತೊಂದರೆಗೆ ಸಿಕ್ಕಿದ್ದು ಲೆಕ್ಕಪತ್ರ ಮೇಡಂ ಕಡೆಯವರು. ಫೋನ್ ಮಾಡಿ, ಬೇಡ ಅನ್ನುವುದಿಲ್ಲ. ಇಟ್ಟ ಕೂಡಲೇ ‘ಈಗ ಮಾತಾಡಿದಂತೆ ಗಡುವು 25’ ಎಂದು ಅದೇ ಎಳೆಯಲ್ಲಿ ಒಂದು ಸಾಲು ಬರೆದು ಕಳಿಸಿ.

ಖಾಲಿಪುಟ
ಮತ್ತೆ ಮೇಲ್!