ಜನಗಣತಿ ಬದಲಾದರೆ ಅಂಗವೈಕಲ್ಯವೂ ಬದಲಾಗುತ್ತಾ?

ಪ್ರಶ್ನೆ (ಬಿ.ಎ. ವಿದ್ಯಾರ್ಥಿನಿ): ಅಂಗವೈಕಲ್ಯ ಅನ್ನೋ ವರ್ಗ ಕಾಲಕ್ಕೆ ತಕ್ಕಂತೆ ಹೇಗೆ ಬದಲಾಗಿದೆ ಎಂದು ಸಾಮಾಜಿಕ ನಿರ್ಮಾಣ ಸಿದ್ಧಾಂತ ಬಳಸಿ ಪ್ರಬಂಧ ಬರೆಯಬೇಕು. "ಅಂಗವೈಕಲ್ಯವನ್ನು ಸಮಾಜವೇ ಸೃಷ್ಟಿಸುತ್ತದೆ" ಎಂದು ಬರೆದೆ. ಮೇಡಂ ಪಕ್ಕದಲ್ಲಿ "ಹೇಗೆ?" ಅಂತ ಗೀಚಿ ವಾಪಸ್ ಕೊಟ್ಟರು. ಈಗ ಏನು ಬರೆಯಲಿ?

ಉತ್ತರ (ಸಮಾಜಶಾಸ್ತ್ರ ಮೇಷ್ಟ್ರು): ಮೇಡಂ ಕೇಳಿದ್ದು ಸರಿ ಇದೆಯಮ್ಮಾ. "ಸಮಾಜ" ಅಂದರೆ ಯಾರು? ಯಾರು ಅಂಗವಿಕಲರು, ಯಾರು ಅಲ್ಲ ಅನ್ನೋ ಗೆರೆ ಎಳೆದ ಕೈ ಯಾವುದು ಅಂತ ತೋರಿಸಬೇಕು. ಅದಕ್ಕೆ ನಮ್ಮ ಜನಗಣತಿಗಿಂತ ಒಳ್ಳೆ ಉದಾಹರಣೆ ನನಗೆ ಕಂಡಿಲ್ಲ.

ಒಬ್ಬ ಮನುಷ್ಯನನ್ನು ಕಣ್ಮುಂದೆ ತಂದುಕೊಳ್ಳಿ. ಒಂದು ಕಣ್ಣು ಹೋಗಿದೆ, ಇನ್ನೊಂದು ಚೆನ್ನಾಗಿದೆ. 2001ರಲ್ಲಿ ಗಣತಿದಾರರು ಮನೆಗೆ ಬಂದಾಗ ಅವರನ್ನು ದೃಷ್ಟಿದೋಷ ಇರುವವರು ಎಂದು ಬರೆದುಕೊಂಡರು. ಒಂದೇ ಕಣ್ಣು ಕಾಣುವವರನ್ನೂ ಸೇರಿಸಿ ಎಂದು ಅವರಿಗೆ ಕೊಟ್ಟ ಸೂಚನೆಯಲ್ಲೇ ಇತ್ತು. 2011ರಲ್ಲಿ ಸೂಚನೆ ಬದಲಾಯಿತು, ಒಕ್ಕಣ್ಣಿನವರನ್ನು ಸೇರಿಸಬೇಡಿ ಎಂದಾಯಿತು. ಆ ಮನುಷ್ಯನ ಕಣ್ಣು ಹಾಗೇ ಇದೆ, ವರ್ಗ ಮಾತ್ರ ಹೋಯಿತು. ಕಿವಿಯ ವಿಷಯದಲ್ಲಿ ಇದು ಉಲ್ಟಾ. 2001ರಲ್ಲಿ ಕಿವಿಗೆ ಮೆಷಿನ್ ಹಾಕಿಕೊಂಡವರು ಲೆಕ್ಕದಿಂದ ಹೊರಗೆ. 2011ರಲ್ಲಿ ಅವರೂ ಒಳಗೆ.

ಈಗ ಅಂಕಿಗಳನ್ನು ನೋಡಿ. ದೃಷ್ಟಿದೋಷದವರು 1.06 ಕೋಟಿಯಿಂದ ಸುಮಾರು 50 ಲಕ್ಷಕ್ಕೆ ಇಳಿದರು. ಕಿವುಡರು 12.6 ಲಕ್ಷದಿಂದ ಸುಮಾರು 50 ಲಕ್ಷಕ್ಕೆ ಏರಿದರು. ಒಟ್ಟು ಸಂಖ್ಯೆ ಮಾತ್ರ 2.19 ಕೋಟಿಯಿಂದ 2.68 ಕೋಟಿ. ಹತ್ತು ವರ್ಷದಲ್ಲಿ ದೃಷ್ಟಿದೋಷದವರಲ್ಲಿ ಅರ್ಧ ಜನರ ಕಣ್ಣು ಸರಿಹೋಗಿ, ಅಷ್ಟೊಂದು ಜನರ ಕಿವಿ ಕೆಡುವುದು ಸಾಧ್ಯವಾ?

ಪ್ರಬಂಧದ ನಡುಭಾಗ ಪೂರ್ತಿ ಇದೇ ಇರಲಿ. ಗೆರೆ ಎಲ್ಲಿತ್ತು, ಯಾರು ಸರಿಸಿದರು, ಯಾರು ಒಳಬಂದರು, ಯಾರು ಹೊರಬಿದ್ದರು, ಇಷ್ಟನ್ನು ನಿಧಾನಕ್ಕೆ ಬರೆಯಿರಿ.

ಎಂ.ಎ. ವಿದ್ಯಾರ್ಥಿ: ಇದೇ ಅಲ್ವಾ ಸಾಮಾಜಿಕ ಮಾದರಿ? ಮೆಟ್ಟಿಲು ಇರುವುದರಿಂದಲೇ ಗಾಲಿಕುರ್ಚಿಯವರು ಅಂಗವಿಕಲರಾಗುತ್ತಾರೆ ಅನ್ನೋದು.

ಮೇಷ್ಟ್ರು: ಅರ್ಧ ಸರಿ. ಎರಡೂ ಒಂದೇ ಬೀದಿಯವು, ಮನೆ ಬೇರೆ. ಮೆಟ್ಟಿಲಿನ ವಾದ ತಡೆ ಎಲ್ಲಿದೆ ಎಂದು ಕೇಳುತ್ತದೆ. ಅಲ್ಲಿ ದೇಹದ ಕೊರತೆಯನ್ನು ಇದ್ದಹಾಗೇ ಒಪ್ಪಿಕೊಂಡು, ಅಂಗವೈಕಲ್ಯಕ್ಕೆ ಮಾತ್ರ ಸಮಾಜವನ್ನು ಹೊಣೆ ಮಾಡುತ್ತಾರೆ. ನಾನು ಹೇಳುತ್ತಿರುವುದು, ಯಾವುದನ್ನು ಕೊರತೆ ಎಂದು ಎಣಿಸಬೇಕು ಎಂಬುದೂ ತೀರ್ಮಾನವೇ ಅಂತ. ಎರಡನ್ನೂ ಕಲಸಿದರೆ ಪ್ರಬಂಧ ಅಲ್ಲೇ ಜಾರುತ್ತದೆ.

ಒಬ್ಬ ಸದಸ್ಯರು: ಸರ್, ನಮ್ಮಣ್ಣನಿಗೂ ಒಂದು ಕಣ್ಣಿಲ್ಲ. ಸರ್ಟಿಫಿಕೇಟ್‌ನಲ್ಲಿ 30 ಪರ್ಸೆಂಟ್ ಬರೆದಿದ್ದಾರೆ. ಪಿಂಚಣಿಗೆ 40 ಬೇಕಂತೆ. ಡಾಕ್ಟರ್ ಹತ್ತಿರ ಹೇಗೆ ಕೇಳೋದು?

ಮೇಷ್ಟ್ರು: ಇನ್ನೊಂದು ಕಣ್ಣು ಸರಿಯಾಗಿದ್ದರೆ 30 ಅನ್ನೋದು ಸರ್ಕಾರದ ಅಳತೆ ಪಟ್ಟಿಯಲ್ಲೇ ಇದೆ, ಡಾಕ್ಟರ್ ಸುಮ್ನೆ ಬರೆದದ್ದಲ್ಲ. ಆ ಕಣ್ಣಿನ ದೃಷ್ಟಿಯೂ ಈಗ ಕಮ್ಮಿಯಾಗಿದ್ದರೆ ಮರುಪರೀಕ್ಷೆ ಕೇಳಿ. ಎರಡೂ ಕಣ್ಣು ಸೇರಿಸಿಯೇ ಪರ್ಸೆಂಟ್ ಹಾಕುತ್ತಾರೆ.

ವಿದ್ಯಾರ್ಥಿನಿ ಇದನ್ನೂ ಗಮನಿಸಲಿ. ಈ ಅಣ್ಣ 2001ರ ಗಣತಿಯ ಸೂಚನೆ ಪ್ರಕಾರ ಅಂಗವಿಕಲ. 2011ರ ಸೂಚನೆ ಪ್ರಕಾರ ಅಲ್ಲ. ಸರ್ಟಿಫಿಕೇಟ್ ಪ್ರಕಾರ 30 ಪರ್ಸೆಂಟ್. ಕಾಗದದ ಮೇಲಿನ ಗೆರೆ ಮನೆಯ ಅಕ್ಕಿಬೇಳೆಯವರೆಗೂ ಬರುತ್ತದೆ. "ನಿರ್ಮಿತ" ಅಂದರೆ "ಸುಳ್ಳು" ಅಂತ ಬರೆಯಬೇಡಿ ಎಂದು ನಾನು ಪ್ರತಿ ವರ್ಷ ಹೇಳುವುದು ಇದಕ್ಕೇ.

ವಿದ್ಯಾರ್ಥಿನಿ: ಹಾಗಾದರೆ 56 ಲಕ್ಷ ಕಡಿಮೆಯಾಗಿದ್ದು ವ್ಯಾಖ್ಯೆ ಬದಲಾದದ್ದರಿಂದ ಅಂತ ನೇರವಾಗಿ ಬರೆಯಬಹುದಾ?

ಮೇಷ್ಟ್ರು: ಅಷ್ಟು ನೇರವಾಗಿ ಬೇಡ. 2011ರಲ್ಲಿ "ಬಹುವಿಧ ವೈಕಲ್ಯ" ಎಂಬ ಹೊಸ ಕಾಲಂ ಬಂತು, 21 ಲಕ್ಷ ಜನ ಅದಕ್ಕೆ ಸೇರಿದರು. ಅವರಲ್ಲಿ ಕಣ್ಣಿನ ತೊಂದರೆ ಇದ್ದವರೂ ಇರಬಹುದು. ಮಂಜು ಕಾಣುವವರಿಗೆ ಒಂದು ಸಣ್ಣ ಪರೀಕ್ಷೆ ಮಾಡಿ ಎಂಬ ಸೂಚನೆಯೂ ಆಗ ಬಂದದ್ದೇ. ಕಣ್ಣಿನ ಪೊರೆಯ ಆಪರೇಷನ್ ಕೂಡ ಸ್ವಲ್ಪ ಕೆಲಸ ಮಾಡಿರುತ್ತದೆ. ಯಾವುದರಿಂದ ಎಷ್ಟು ಅಂತ ಈ ಅಂಕಿಗಳಿಂದ ಬಿಡಿಸಲು ಆಗದು. "ಇಳಿಕೆಯಲ್ಲಿ ವ್ಯಾಖ್ಯೆಯ ಪಾಲು ದೊಡ್ಡದು, ಕಿವಿಯ ಅಂಕಿ ವಿರುದ್ಧ ದಿಕ್ಕಿಗೆ ಹೋದದ್ದು ಅದರ ಸುಳಿವು" ಎಂದು ಬರೆಯಿರಿ.

ವಿಶೇಷ ಶಾಲೆಯ ಶಿಕ್ಷಕಿ: ನನಗೆ ಒಂದು ತಕರಾರಿದೆ. ಎಲ್ಲವೂ ಗೆರೆ ಅಂದರೆ ನನ್ನ ಮಕ್ಕಳ ನೋವು ಎಲ್ಲಿ ಹೋಯಿತು? ಬೆನ್ನುಹುರಿಗೆ ಪೆಟ್ಟಾದ ಹುಡುಗನಿಗೆ ಹಾಸಿಗೆ ಹುಣ್ಣಾಗುತ್ತದೆ. ಅದನ್ನು ಯಾವ ಗಣತಿಯೂ ಮಾಡಿದ್ದಲ್ಲ.

ಮೇಷ್ಟ್ರು: ಮೇಡಂ, ಆ ಹುಣ್ಣನ್ನು ನಾನೂ ಅಲ್ಲಗಳೆಯಲ್ಲ. ಈ ಸಿದ್ಧಾಂತ ಆ ನೋವಿನ ಬಗ್ಗೆ ಜಾಸ್ತಿ ಹೇಳಲಾರದು ಅನ್ನೋದೂ ನಿಜ. ನಮ್ಮಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. ಪ್ರಬಂಧದ ಕೊನೆಯ ಭಾಗದಲ್ಲಿ ನಿಮ್ಮ ಈ ತಕರಾರನ್ನೇ ಎತ್ತಲಿ.

ಶಿಕ್ಷಕಿ: ಎತ್ತಿದರೆ ಸಾಲದು ಸರ್, ಉತ್ತರವನ್ನೂ ಹುಡುಕಲಿ.