ಅಪ್‌ಡೇಟ್: ಪ್ರವಾಸದ ಬಾಡಿಗೆ ಲೆಕ್ಕ ಇತ್ಯರ್ಥವಾಯಿತು

ನನ್ನ ಪ್ರಶ್ನೆ: ಮೂವರು ನಾಲ್ಕು ರಾತ್ರಿ ಇದ್ದೆವು, ಇನ್ನಿಬ್ಬರು ಕೊನೆಯ ಎರಡು ರಾತ್ರಿಗೆ ಬಂದರು. ಮನೆ ಬಾಡಿಗೆಯನ್ನು ಹೇಗೆ ಹಂಚುವುದು?

ಅಪ್‌ಡೇಟ್: ಆಯಾ ರಾತ್ರಿಯ ಬಾಡಿಗೆಯನ್ನು ಅಂದು ಇದ್ದವರಲ್ಲೇ ಹಂಚಿದರೆ, ತಡವಾಗಿ ಬಂದ ಒಬ್ಬೊಬ್ಬರ ಪಾಲು ಒಟ್ಟು ಬಾಡಿಗೆಯ ಹತ್ತರಲ್ಲಿ ಒಂದು. ಆದರೆ ಐವರಿಗೆ ಸಾಲುವ ದೊಡ್ಡ ಮನೆಯನ್ನು ಮೊದಲ ದಿನದಿಂದಲೇ ಹಿಡಿದದ್ದು ಅವರಿಬ್ಬರೂ ಬರುತ್ತಾರೆಂದೇ. ಖಾಲಿ ಕೋಣೆಯ ಹೊರೆಯೆಲ್ಲ ಮೂವರ ಮೇಲೆ ಬೀಳುವುದು ನನಗೆ ನ್ಯಾಯವೆನಿಸಲಿಲ್ಲ. ಹಾಗಾಗಿ ಪ್ರತಿಯೊಬ್ಬರೂ ತಂಗಿದ ರಾತ್ರಿಗಳನ್ನು ಕೂಡಿದೆವು: ನಮ್ಮವು 12, ಅವರವು 4, ಒಟ್ಟು 16. ಅವರಿಗೆ ತಲಾ ಎಂಟರಲ್ಲಿ ಒಂದು, ನಮಗೆ ತಲಾ ನಾಲ್ಕರಲ್ಲಿ ಒಂದು. ಕಾರಣ ಕೇಳಿದ ಮೇಲೆ ಇಬ್ಬರೂ ಒಪ್ಪಿದರು. ಕಾರಿನ ಇಂಧನಕ್ಕೆ ಈ ಲೆಕ್ಕ ಹೊಂದದು; ಹೋಗುವ ದಾರಿಯದನ್ನು ಮೂವರು, ಮರಳುವ ದಾರಿಯದನ್ನು ಐವರೂ ಹಂಚಿಕೊಂಡೆವು.