ಸಹಾಯ ಬೇಕು: ಶನಿವಾರ, ಭಾನುವಾರ ಮಾತ್ರ ಮಾಡಬಹುದಾದ ಕೆಲಸ

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ, ಬಸವನಗುಡಿ ಹತ್ತಿರ ಪಿಜಿಯಲ್ಲಿದ್ದೇನೆ. ತಿಂಗಳಿಗೆ 3,000 ರೂಪಾಯಿಯಾದರೂ ದುಡಿಯಬೇಕು. ಕೈಯಲ್ಲಿ ಬಂಡವಾಳ ಇಲ್ಲ, ಗಾಡಿಯೂ ಇಲ್ಲ.

ಸದ್ಯ ಶನಿವಾರ ರಿಸೆಪ್ಷನ್‌ಗಳಲ್ಲಿ ಊಟ ಬಡಿಸಲು ಹೋಗುತ್ತಿದ್ದೇನೆ. ಸಂಜೆ 5ಕ್ಕೆ ಛತ್ರದಲ್ಲಿರಬೇಕು. ಕೊನೇ ಪಂಕ್ತಿ ಎದ್ದು, ಎಲೆ ತೆಗೆದು, ಟೇಬಲ್ ಒರೆಸುವಷ್ಟರಲ್ಲಿ 11 ಆಗುತ್ತದೆ. ಕೈಗೆ 700 ರೂಪಾಯಿ, ಊಟ ಅವರದೇ. ಆದರೆ ಅಷ್ಟು ಹೊತ್ತಿಗೆ ಬಸ್ ಸಿಗುವುದು ಕಷ್ಟ, ಆಟೋ ಹತ್ತಿದರೆ ದುಡಿದದ್ದರಲ್ಲಿ ಒಂದು ಪಾಲು ಹೋಯಿತು. ಭಾನುವಾರ ಬೆಳಿಗ್ಗೆ ಓದಲು ಕೂತರೆ ನಿದ್ದೆ. ಆಷಾಢ, ಧನುರ್ಮಾಸದಲ್ಲಂತೂ ಮದುವೆಗಳೇ ಇರುವುದಿಲ್ಲ.

ಅದಕ್ಕೇ ಮನೆಪಾಠ ಯೋಚಿಸಿದ್ದೇನೆ. 7, 8ನೇ ತರಗತಿಯ ಇಬ್ಬರು ಮಕ್ಕಳು ಒಂದೇ ಮನೆಯಲ್ಲಿ ಕೂತರೆ, ಶನಿವಾರ, ಭಾನುವಾರ ಒಂದೂವರೆ ಗಂಟೆ ಗಣಿತ. ತಿಂಗಳಿಗೆ ತಲಾ 1,500 ಕೇಳಿದರೆ 12 ಗಂಟೆ ಪಾಠಕ್ಕೆ 3,000. ಬಡಿಸುವ ಕೆಲಸದಲ್ಲಿ 24 ಗಂಟೆ ನಿಂತರೂ 2,800 ಅಲ್ವಾ? ಎಸ್ಸೆಸ್ಸೆಲ್ಸಿ ಮಕ್ಕಳನ್ನು ಒಪ್ಪಿಕೊಳ್ಳುವುದಿಲ್ಲ. ಅದಕ್ಕೆ ನಾನೇ ತುಂಬಾ ತಯಾರಾಗಬೇಕು, ನನ್ನ ಓದು ಹಾಳು.

ಜಯನಗರ, ಬಸವನಗುಡಿ ಕಡೆಯ ಪೋಷಕರೇ, ವಾರಕ್ಕೆ ಎರಡೇ ದಿನ ಅಂದರೆ ಒಪ್ಪುತ್ತೀರಾ? ಈ ಶುಲ್ಕ ಜಾಸ್ತಿಯಾಯಿತೇ? ನನ್ನ ಸೆಮಿಸ್ಟರ್ ಪರೀಕ್ಷೆ ಬಂದಾಗ ಎರಡು ವಾರ ಬಿಟ್ಟು, ಆಮೇಲೆ ಆ ಪಾಠ ತುಂಬಿಕೊಡಬಹುದೇ? ಪಾಠ ಮಾಡಿದ ಅನುಭವ ಇರುವವರು ಮೊದಲ ಮನೆ ಹೇಗೆ ಹುಡುಕಿದಿರಿ ಅಂತ ದಯವಿಟ್ಟು ತಿಳಿಸಿ. ಮೊದಲೇ ನೋಂದಣಿ ಹಣ ಕೇಳುವ ಟೈಪಿಂಗ್ ಕೆಲಸಗಳು ಮಾತ್ರ ಬೇಡ.